ಸ್ಟ್ರಿಪ್ ಮೇಲಿನ ಆ ತಿಂಗಳು: ಡೇಟ್ ಬಾರ್ ಆದ ಮಾತ್ರೆ ನುಂಗಬಹುದೇ?

ಜೂನ್ ಮೊದಲ ವಾರ, ಉಡುಪಿಯ ಒಂದು ಮನೆ ಎಂದಿಟ್ಟುಕೊಳ್ಳಿ. ಹೊರಗೆ ಬಿಡದೆ ಮಳೆ, ಒಳಗೆ ಒಬ್ಬರಿಗೆ ಜ್ವರ. ಔಷಧದ ಡಬ್ಬಿ ತಡಕಿದರೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಸ್ಟ್ರಿಪ್ ಒಂದು ಸಿಗುತ್ತದೆ. ಹಿಂಬದಿಯಲ್ಲಿ ಎಂಎಫ್‌ಜಿ 06/2023, ಎಕ್ಸ್‌ಪಿ 05/2026 ಎಂದಿದೆ. ಡೇಟ್ ಬಾರ್ ಆಗಿ ಒಂದು ವಾರ. "ಎಂತ ಆಗುವುದಿಲ್ಲ, ತಕ್ಕೊ" ಎಂದು ಅಜ್ಜ ಹೇಳುತ್ತಾರೆ. "ವಿಷ ಆಗಿರ್ತದೆ ಅಜ್ಜ, ಬಿಸಾಡಿ" ಎಂದು ಮೊಮ್ಮಗಳು. ಈ ಒಂದು ಸ್ಟ್ರಿಪ್‌ನ ಮಟ್ಟಿಗೆ ಅಜ್ಜನ ಮಾತೇ ನಿಜಕ್ಕೆ ಹತ್ತಿರ. ಆದರೆ ಅದೇ ಡಬ್ಬಿಯಲ್ಲಿ ಇನ್ನೂ ಮೂರು ಬಗೆಯ ಮಾತ್ರೆಗಳುಂಟು. ಅವು ಡೇಟ್ ಇರುವಾಗಲೇ ಕೆಟ್ಟಿರುವ ಸಾಧ್ಯತೆ ಇದೆ, ಅದರ ಬಗ್ಗೆ ಅಜ್ಜನಿಗೂ ಚಿಂತೆ ಇಲ್ಲ, ಮೊಮ್ಮಗಳಿಗೂ ಇಲ್ಲ.

ಮೊದಲು ತಿಂಗಳ ಲೆಕ್ಕ. 1945ರ ಔಷಧ ನಿಯಮಗಳ 96ನೇ ನಿಯಮದ ಪ್ರಕಾರ ಎಕ್ಸ್‌ಪೈರಿಯನ್ನು ತಿಂಗಳು ಮತ್ತು ವರ್ಷದಲ್ಲಿ ಹೇಳಬೇಕು, ಆ ತಿಂಗಳ ಕೊನೆಯ ದಿನದವರೆಗೂ ಔಷಧ ಬಳಕೆಗೆ ಯೋಗ್ಯ ಎಂದೇ ಅದರ ಅರ್ಥ. ಹಾಗಾಗಿ 05/2026 ಎಂದರೆ ಮೇ 31ರ ರಾತ್ರಿಯವರೆಗೆ. ಮೇ 1ಕ್ಕೇ ಮುಗಿಯಿತು ಎಂದು ಎಸೆಯುವವರು ಒಂದು ತಿಂಗಳ ಔಷಧವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಜೂನ್ 1ರಿಂದ ಮೆಡಿಕಲ್‌ನವರು ಅದನ್ನು ಮಾರುವಂತಿಲ್ಲ. ಕಂಪನಿಗೆ ವಾಪಸು ಕಳಿಸಲು ಬೇರೆಯೇ ಎತ್ತಿಡಬೇಕು. ಈ ನಿಯಮ ಮಾರುವವರಿಗೆ ಹಾಕಿದ ಕಟ್ಟು. ಮನೆಯಲ್ಲಿ ಉಳಿದ ಮಾತ್ರೆಯ ಒಳಗೆ ಆ ರಾತ್ರಿ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ.

ಅದಕ್ಕೆ ಉತ್ತರ ಸಿಗಬೇಕಾದರೆ ಆ ತಿಂಗಳನ್ನು ಹೇಗೆ ನಿಗದಿ ಮಾಡುತ್ತಾರೆ ಎಂದು ನೋಡಬೇಕು. ಕಂಪನಿ ಸಾಮಾನ್ಯವಾಗಿ ಮೂರು ಬ್ಯಾಚ್‌ಗಳ ಮಾತ್ರೆಯನ್ನು, ಮಾರುವ ಪ್ಯಾಕ್‌ನಲ್ಲೇ, ದೊಡ್ಡ ಬೀರುವಿನಂಥ ಯಂತ್ರದಲ್ಲಿಡುತ್ತದೆ. ಒಂದರಲ್ಲಿ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 65ರಿಂದ 75ರ ನಡುವೆ ಗೊತ್ತುಪಡಿಸಿದಷ್ಟು. ಇನ್ನೊಂದರಲ್ಲಿ 40 ಡಿಗ್ರಿ, ಶೇ. 75. ಮೊದಲನೆಯದು ನಮ್ಮಂಥ ಸೆಕೆಯ ಊರಿನ ನಕಲು. ಎರಡನೆಯದು ಆರು ತಿಂಗಳ ಅವಸರದ ಪರೀಕ್ಷೆ. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಒಂದಿಷ್ಟು ಹೊರತೆಗೆದು ಔಷಧಾಂಶ ಎಷ್ಟು ಉಳಿದಿದೆ, ಒಡೆದು ಹುಟ್ಟಿದ ಕಲ್ಮಶ ಎಷ್ಟು, ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಅಳೆಯುತ್ತಾರೆ. ಮೂರನ್ನೂ ನೆನಪಿಡಿ, ಮೂರನೆಯದು ಮುಂದೆ ಬರುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ತಯಾರಾದ ದಿನ ಮಾತ್ರೆಯಲ್ಲಿ ಔಷಧಾಂಶ ಶೇ. 100. 36 ತಿಂಗಳಾದ ಮೇಲೆ ಶೇ. 98.5. ಪ್ಯಾರಾಸಿಟಮಾಲ್ ಮಾತ್ರೆಗೆ, ಔಷಧಗಳ ಗುಣಮಟ್ಟ ಗೊತ್ತುಪಡಿಸುವ ಅಧಿಕೃತ ಗ್ರಂಥವಾದ ಇಂಡಿಯನ್ ಫಾರ್ಮಕೋಪಿಯ ಹೇಳುವ ಕೆಳಮಿತಿ ಶೇ. 95. ಅಂದರೆ ಮಿತಿ ಮುಟ್ಟಲು ಇನ್ನೂ ದೂರ ಉಂಟು. ಆದರೂ ಕಂಪನಿ 36 ತಿಂಗಳಿಗೇ ಗೆರೆ ಎಳೆಯುತ್ತದೆ, ಯಾಕೆಂದರೆ ಅದು ಪರೀಕ್ಷೆ ಮಾಡಿದ್ದೇ ಅಲ್ಲಿಯವರೆಗೆ. ಐದು ವರ್ಷದವರೆಗೆ ಪರೀಕ್ಷೆ ಮುಂದುವರಿಸಲು ಖರ್ಚಿದೆ, ಲಾಭವಿಲ್ಲ. ಆದ್ದರಿಂದ ಆ ತಿಂಗಳನ್ನು ಓದಬೇಕಾದ ರೀತಿ ಹೀಗೆ: "ಪ್ಯಾಕ್ ಒಡೆಯದೆ, ನಾವು ಹೇಳಿದ ಹಾಗೆ ಇಟ್ಟಿದ್ದರೆ, ಇಲ್ಲಿಯವರೆಗೆ ಮಾತ್ರೆ ಮಿತಿಯೊಳಗೆ ಇರುತ್ತದೆ ಎಂದು ನಾವು ಜವಾಬ್ದಾರಿ ತಕ್ಕೊಳ್ಳುತ್ತೇವೆ." ಅದರಾಚೆಗೆ ಏನಾಗುತ್ತದೆ ಎಂದು ಈ ವಾಕ್ಯ ಏನನ್ನೂ ಹೇಳುವುದಿಲ್ಲ. ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ.

ಆಚೆಗೆ ಏನಾಗುತ್ತದೆ ಎಂದು ಬೇರೆಯವರು ನೋಡಿದ್ದಾರೆ. ಅಮೆರಿಕದ ಸೇನೆಯ ಉಗ್ರಾಣದಲ್ಲಿ ರಾಶಿ ರಾಶಿ ಔಷಧ ಡೇಟ್ ಬಾರ್ ಆಗಿ ಎಸೆಯಬೇಕಾಗುತ್ತಿತ್ತು. 1986ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೊತೆ ಸೇರಿ ಅವನ್ನು ಮತ್ತೆ ಪರೀಕ್ಷಿಸುವ ಯೋಜನೆ ಶುರುವಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 122 ಔಷಧಗಳ 3,005 ಲಾಟ್‌ಗಳಲ್ಲಿ, ಅಂದರೆ ಬ್ಯಾಚ್‌ಗಳಲ್ಲಿ, ಶೇ. 88ರಷ್ಟು ಕನಿಷ್ಠ ಒಂದು ವರ್ಷವಾದರೂ ಹೆಚ್ಚು ಬಾಳಿದವು, ಸರಾಸರಿ ಹೆಚ್ಚುವರಿ ಆಯುಷ್ಯ 66 ತಿಂಗಳು. ವಾಟ್ಸಾಪ್‌ನಲ್ಲಿ "ಎಕ್ಸ್‌ಪೈರಿ ಎಲ್ಲ ಕಂಪನಿಗಳ ಮೋಸ" ಎಂದು ಓಡಾಡುವ ಸಂದೇಶಗಳ ಬೇರು ಇದೇ. ಆದರೆ ಆ ಸಂದೇಶಗಳು ಎರಡು ವಿಷಯ ಬಿಟ್ಟುಬಿಡುತ್ತವೆ. ಆ ಔಷಧಗಳು ಮೂಲ ಪ್ಯಾಕ್ ಒಡೆಯದೆ, ಉಷ್ಣತೆ ಮತ್ತು ತೇವ ಹತೋಟಿಯಲ್ಲಿರುವ ಉಗ್ರಾಣದಲ್ಲಿದ್ದವು. ಮತ್ತು ಒಂದೇ ಔಷಧದ ಒಂದು ಲಾಟ್ ಬಹುಕಾಲ ಬಾಳಿದರೆ ಇನ್ನೊಂದು ಬೇಗ ಸೋತದ್ದೂ ಇತ್ತು, ಹಾಗಾಗಿ ಪ್ರತಿ ಲಾಟನ್ನೂ ಪರೀಕ್ಷಿಸಿಯೇ ದಿನಾಂಕ ಮುಂದೂಡಿದರು. ಉಡುಪಿಯ ಅಡುಗೆಮನೆ ಉಗ್ರಾಣವಲ್ಲ, ಅಲ್ಲಿ ಪರೀಕ್ಷಿಸುವವರೂ ಇಲ್ಲ.

ಇನ್ನು "ವಿಷ" ಎಂಬ ಹೆದರಿಕೆ. ಅದಕ್ಕೂ ಒಂದು ಮೂಲವಿದೆ. 1963ರ ಹೊತ್ತಿಗೆ ಹಳೆಯ ಟೆಟ್ರಾಸೈಕ್ಲಿನ್ ನುಂಗಿದ ಕೆಲವರ ಮೂತ್ರಪಿಂಡ ಹಾಳಾದದ್ದು ವರದಿಯಾಯಿತು. ಆ ಔಷಧ ಒಡೆದು ಹುಟ್ಟಿದ ವಸ್ತುವೇ ಅದಕ್ಕೆ ಕಾರಣ. ಆಗಿನ ಕ್ಯಾಪ್ಸೂಲ್‌ನಲ್ಲಿ ಸಿಟ್ರಿಕ್ ಆಮ್ಲ ಬೆರೆಸುತ್ತಿದ್ದರು, ಅದು ಒಡೆಯುವಿಕೆಗೆ ಒತ್ತಾಸೆಯಾಗಿತ್ತು. ಆಮೇಲೆ ಬೆರಕೆ ಬದಲಾಯಿತು. ಹಳೆಯ ಮಾತ್ರೆ ವಿಷವಾಗುವುದಕ್ಕೆ ಇಷ್ಟು ವರ್ಷವಾದರೂ ಎಲ್ಲರೂ ಎತ್ತಿ ತೋರಿಸುವುದು ಈ ಒಂದೇ ಉದಾಹರಣೆಯನ್ನು. ಡೇಟ್ ಬಾರ್ ಮಾತ್ರೆಯ ನಿಜವಾದ ಅಪಾಯ ಬೇರೆ: ಔಷಧ ಕೆಲಸ ಮಾಡುತ್ತಿದೆ ಎಂದು ನೀವು ನಂಬಿರುತ್ತೀರಿ, ಅದು ಮಾಡುತ್ತಿರುವುದಿಲ್ಲ.

ಈಗ ಡಬ್ಬಿಗೆ ಬರೋಣ. ಅದು ಇರುವುದು ಅಡುಗೆಮನೆಯ ಕಪಾಟಿನಲ್ಲಿ, ಒಲೆಯಿಂದ ನಾಲ್ಕು ಅಡಿ ಮೇಲೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಬೇಯುವ ಹಬೆ ಗಂಟೆಗಟ್ಟಲೆ ಅಲ್ಲಿಗೇ ಏರುತ್ತದೆ. ಮಳೆಗಾಲದಲ್ಲಿ ಕರಾವಳಿಯ ಗಾಳಿಯಲ್ಲಿ ತೇವಾಂಶ ಶೇ. 85–90 ಇರುವುದು ಸಾಮಾನ್ಯ. ಉಪ್ಪಿನ ಡಬ್ಬಿ ನೀರು ಬಿಡುತ್ತದೆ, ಹಪ್ಪಳ ಒಂದೇ ಗಂಟೆಯಲ್ಲಿ ಮೆತ್ತಗಾಗುತ್ತದೆ. ಪ್ಯಾಕ್‌ನಿಂದ ಹೊರಬಿದ್ದ ಮಾತ್ರೆಗೂ ಹಪ್ಪಳದ್ದೇ ಗತಿ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಪ್ಯಾರಾಸಿಟಮಾಲ್‌ನಿಂದ ಶುರು ಮಾಡೋಣ. ಈ ಅಣು ಗಟ್ಟಿಗ. ನೀರು ಸೇರಿದರೆ ಅದೂ ಒಡೆಯುತ್ತದೆ, ಆದರೆ ಒಣ ಮಾತ್ರೆಯಲ್ಲಿ ಆ ಕೆಲಸ ತೀರಾ ನಿಧಾನ. ಸ್ಟ್ರಿಪ್‌ನ ಗುಂಡಿಗಳು ಒಡೆದಿಲ್ಲ, ಮಾತ್ರೆ ಬೆಳ್ಳಗಿದೆ, ಅಂಚು ಚೂಪಾಗಿದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವುದಿಲ್ಲ ಎಂದಾದರೆ ಡೇಟ್ ಮುಗಿದ ಒಂದು ವಾರಕ್ಕೋ ಒಂದೆರಡು ತಿಂಗಳಿಗೋ ಅದರಲ್ಲಿ ಅಳೆಯುವಷ್ಟು ವ್ಯತ್ಯಾಸವಾಗುವ ಸಂಭವ ಕಡಿಮೆ. ಔಷಧ ನಿಯಂತ್ರಣ ಸಂಸ್ಥೆಗಳ ಅಧಿಕೃತ ಸಲಹೆ ಮಾತ್ರ "ಡೇಟ್ ಮುಗಿದರೆ ಬಳಸಬೇಡಿ" ಎಂದೇ. ಅವರು ಒಂದೊಂದು ಮನೆಯ ಕಪಾಟು ನೋಡಿ ಹೇಳಲಾಗದು, ಹಾಗಾಗಿ ಆ ಸಲಹೆ ಸರಿಯೇ. ಆದರೆ ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಮೆಡಿಕಲ್ ಮುಚ್ಚಿರುವಾಗ, ಗಟ್ಟಿಯಾಗಿ ಮುಚ್ಚಿದ ಸ್ಟ್ರಿಪ್‌ನ ಒಂದು ಮಾತ್ರೆ ನುಂಗಿದ್ದಕ್ಕೆ ಹೆದರಿ ನಿದ್ದೆಗೆಡಬೇಕಾಗಿಲ್ಲ. ಹೆದರಬೇಕಾದ್ದು ಇನ್ನೊಂದಕ್ಕೆ: "ಹಳೆಯದಲ್ವಾ, ಪವರ್ ಕಡಿಮೆಯಾಗಿರಬಹುದು" ಎಂದು ಒಂದರ ಬದಲು ಎರಡು ಮೂರು ನುಂಗುವುದು. ಅದರ ಶಕ್ತಿ ಬಹುಪಾಲು ಹಾಗೇ ಇರುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ, ಅಂದರೆ 500ರ ಎಂಟು ಮಾತ್ರೆ, ದಾಟಿದರೆ ಯಕೃತ್ತಿಗೆ ಪೆಟ್ಟು. ಕುಡಿಯುವ ಅಭ್ಯಾಸ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಮಿತಿ ಇನ್ನೂ ಕೆಳಗೆ.

ಡಬ್ಬಿಯ ಎರಡನೆಯದು ಅಜ್ಜನ ಆಸ್ಪಿರಿನ್ 75 ಮಿ.ಗ್ರಾಂ., ಹೃದಯಕ್ಕೆಂದು ದಿನಕ್ಕೊಂದು. ಡೇಟ್ ಇನ್ನೂ ಎಂಟು ತಿಂಗಳಿದೆ. ಆದರೆ ತೆಗೆಯಲು ಸುಲಭವಾಗಲೆಂದು ಎಲ್ಲವನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಒಂದು ಪ್ಲಾಸ್ಟಿಕ್ ಕರಡಿಗೆಗೆ ತುಂಬಿಸಿಟ್ಟಿದ್ದಾರೆ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ತೆಳ್ಳಗೆ ವಿನೆಗರ್ ವಾಸನೆ. ಈ ವಾಸನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟೈಲ್ ಎಂಬ ಒಂದು ಸಣ್ಣ ಬಾಲ ಜೋಡಿಸಿದ್ದು. ನೀರಿನ ಕಣ ಸಿಕ್ಕರೆ ಆ ಬಾಲ ಕಳಚಿ ಅಸಿಟಿಕ್ ಆಮ್ಲವಾಗುತ್ತದೆ, ವಿನೆಗರ್‌ನ ಹುಳಿ ಅದೇ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟದಂತೆ ತಡೆಯುವುದೂ ಅದೇ ಬಾಲ: ಅದು ಪ್ಲೇಟ್‌ಲೆಟ್‌ನ ಕಿಣ್ವಕ್ಕೆ ಹೋಗಿ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಬಾಲ ಕಳಚಿದ ಸ್ಯಾಲಿಸಿಲಿಕ್ ಆಮ್ಲಕ್ಕೆ ಆ ಶಕ್ತಿ ಇಲ್ಲ, ಹೊಟ್ಟೆ ಕೆರಳಿಸುವ ಗುಣ ಮಾತ್ರ ಉಂಟು. ಹಾಗಾಗಿ ಮೂಗಿಗೆ ಬಡಿಯುತ್ತಿರುವುದು ಅಜ್ಜನ ಹೃದಯಕ್ಕೆ ಹೋಗಬೇಕಾಗಿದ್ದ ಭಾಗವೇ. ಎಷ್ಟು ಹೋಗಿದೆ ಎಂದು ವಾಸನೆಯಿಂದ ಲೆಕ್ಕ ಹಾಕಲಾಗದು. ಆ ಕರಡಿಗೆಯ ಅಷ್ಟೂ ಮಾತ್ರೆ ಎಸೆದು, ಹೊಸ ಸ್ಟ್ರಿಪ್ ತಂದು, ದಿನದ ಒಂದನ್ನು ಆ ದಿನವೇ ಬಿಡಿಸುವುದೊಂದೇ ದಾರಿ.

ಆಸ್ಪಿರಿನ್ ಗಾಜಿನ ಬಾಟಲಿಯಲ್ಲಿದ್ದರೂ ಕಾಲ ಅದನ್ನು ಬಿಡುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಡೇಟ್ ಮುಗಿದು 28ರಿಂದ 40 ವರ್ಷವಾಗಿದ್ದ, ಆದರೆ ಮೂಲ ಪ್ಯಾಕ್ ತೆರೆಯದ ಔಷಧಗಳನ್ನು ಪರೀಕ್ಷಿಸಿದರು. 14 ಔಷಧಾಂಶಗಳಲ್ಲಿ 12 ಇನ್ನೂ ಶೇ. 90ಕ್ಕಿಂತ ಹೆಚ್ಚು ಉಳಿದಿದ್ದವು. ಪ್ಯಾರಾಸಿಟಮಾಲ್ ಆ ಹನ್ನೆರಡರ ಗುಂಪಿನಲ್ಲಿತ್ತು. ಸೋತ ಎರಡರಲ್ಲಿ ಒಂದು ಆಸ್ಪಿರಿನ್.

ಮೂರನೆಯದು ಅಪಸ್ಮಾರಕ್ಕೆ ಕೊಡುವ ಕಾರ್ಬಮಝೆಪಿನ್ 200. ಇದರ ಕತೆ ವಿಚಿತ್ರ. ತೇವದಲ್ಲಿ ಇದು ಒಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ತೂಗಿದರೆ 200ಕ್ಕೆ 200 ಮಿ.ಗ್ರಾಂ. ಸಿಗುತ್ತದೆ. ಆದರೆ ಅದರ ಹರಳುಗಳು ನೀರನ್ನು ಹೀರಿ ಬೇರೆ ರೂಪಕ್ಕೆ ತಿರುಗುತ್ತವೆ, ಮಾತ್ರೆ ಗಟ್ಟಿ ಕಟ್ಟುತ್ತದೆ, ಹೊಟ್ಟೆಯಲ್ಲಿ ಸರಿಯಾಗಿ ಕರಗದೆ ಒಂದಷ್ಟು ಹಾಗೇ ಹೊರಹೋಗುತ್ತದೆ. ಮೇಲೆ ಹೇಳಿದ ಮೂರನೆಯ ಅಳತೆ, ಕರಗುವ ಹೊತ್ತು, ಇಲ್ಲಿ ಕೈಕೊಡುವುದು. ತೇವದ ಜಾಗದಲ್ಲಿಟ್ಟರೆ ಇದರ ಪರಿಣಾಮ ಮೂರನೇ ಒಂದರಷ್ಟು ಕುಗ್ಗಬಹುದು ಎಂದು ಎಫ್‌ಡಿಎ 1990ರಲ್ಲೇ ಎಚ್ಚರಿಸಿತ್ತು. ಕಣ್ಣಿಗೆ ಯಾವ ಗುರುತೂ ಇಲ್ಲ, ವಾಸನೆ ಇಲ್ಲ. ಮೊದಲ ಗುರುತೇ ವರ್ಷಗಳಿಂದ ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಬರುವುದು. ಬಚ್ಚಲಿನ ಪಕ್ಕದ ಗೂಡು, ಅಡುಗೆಮನೆಯ ಕಪಾಟು ಈ ಮಾತ್ರೆಗೆ ಡೇಟ್ ಇದ್ದರೂ ಆಗದು. ಡೇಟ್ ಮುಗಿದ ಮೇಲಂತೂ ಒಂದು ದಿನವೂ ಬೇಡ.

ನಾಲ್ಕನೆಯದು ಅಮ್ಮನ ಥೈರಾಯ್ಡ್ ಮಾತ್ರೆ, ಲೆವೊಥೈರಾಕ್ಸಿನ್ 50 ಮೈಕ್ರೊಗ್ರಾಂ, 100 ಮಾತ್ರೆಗಳ ಬಾಟಲಿ. ಸ್ಟ್ರಿಪ್‌ಗೂ ಬಾಟಲಿಗೂ ಇರುವ ಅಂತರ ಇಲ್ಲಿ ಚೆನ್ನಾಗಿ ಕಾಣುತ್ತದೆ. ಸ್ಟ್ರಿಪ್‌ನಲ್ಲಿ ಪ್ರತಿ ಮಾತ್ರೆಗೂ ಅದರದೇ ಕೋಣೆ, ಒಂದನ್ನು ಒಡೆದರೆ ಉಳಿದವಕ್ಕೆ ಗೊತ್ತೇ ಆಗುವುದಿಲ್ಲ. ಬಾಟಲಿಯ ಕೊನೆಯ ಮಾತ್ರೆ ನುಂಗುವ ಹೊತ್ತಿಗೆ ಮುಚ್ಚಳ ನೂರು ಸಲ ತೆರೆದಿರುತ್ತದೆ, ನೂರು ಸಲ ಆಟಿ ತಿಂಗಳ ಗಾಳಿ ಒಳಹೊಕ್ಕಿರುತ್ತದೆ. ಮುದ್ರಿತ ತಿಂಗಳು ತೆರೆಯದ ಬಾಟಲಿಗೆ ಕೊಟ್ಟ ಮಾತು. ಲೆವೊಥೈರಾಕ್ಸಿನ್ ಬಿಸಿ, ಬೆಳಕು, ತೇವ ಮೂರಕ್ಕೂ ಸೋಲುವ ಔಷಧ, ಡೋಸ್‌ನಲ್ಲಿ ಸಣ್ಣ ವ್ಯತ್ಯಾಸವಾದರೂ ದೇಹಕ್ಕೆ ತಿಳಿಯುತ್ತದೆ. ಅಮೆರಿಕದಲ್ಲಿ 2007ರಲ್ಲಿ ಇದರ ಮಿತಿಯನ್ನು ಶೇ. 90–110ರಿಂದ 95–105ಕ್ಕೆ ಬಿಗಿ ಮಾಡಿದ್ದು ಇದೇ ಕಾರಣಕ್ಕೆ. ತಪ್ಪು ಹೇಗೆ ಬೆಳೆಯುತ್ತದೆ ನೋಡಿ. ಮಾತ್ರೆ ಸ್ವಲ್ಪ ಕುಂದುತ್ತದೆ, ರಕ್ತ ಪರೀಕ್ಷೆಯಲ್ಲಿ, ಥೈರಾಯ್ಡ್ ಹಾರ್ಮೋನು ಸಾಲದಾದಾಗ ಹೆಚ್ಚುವ ಟಿಎಸ್‌ಎಚ್ ಏರುತ್ತದೆ, ಡಾಕ್ಟರು 50ನ್ನು 75 ಮಾಡುತ್ತಾರೆ. ಹೊಸ ಬಾಟಲಿ ಬರುತ್ತದೆ, ಅದರಲ್ಲಿ ಪೂರ್ತಿ ಶಕ್ತಿ ಇದೆ. ಈಗ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಡಾಕ್ಟರ ತಪ್ಪಲ್ಲ, ಬಾಟಲಿ ಎಲ್ಲಿತ್ತು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಬಾಟಲಿಯೊಳಗಿನ ಸಿಲಿಕಾ ಚೀಟಿಯನ್ನು ಎಸೆಯಬೇಡಿ, ತೇವ ಹೀರಲೆಂದೇ ಅದನ್ನು ಇಟ್ಟದ್ದು. ಮೇಲಿನ ಹತ್ತಿಯನ್ನು ಮಾತ್ರ ಮೊದಲ ದಿನವೇ ತೆಗೆದುಬಿಡಿ. ಸಾಗಿಸುವಾಗ ಮಾತ್ರೆ ಅಲುಗಾಡದಿರಲು ಅದು, ಆಮೇಲೆ ಅದೇ ತೇವವನ್ನು ಒಳಕ್ಕೆ ಎಳೆಯುತ್ತದೆ. "ಹಾಗಾದರೆ ಫ್ರಿಜ್‌ನಲ್ಲಿಡುತ್ತೇವೆ" ಎನ್ನುವವರು ಬಹಳ. ಲೇಬಲ್‌ನಲ್ಲಿ 2ರಿಂದ 8 ಡಿಗ್ರಿ ಎಂದು ಬರೆದಿಲ್ಲದಿದ್ದರೆ ಅದು ಕರಾವಳಿಯಲ್ಲಿ ಕೆಟ್ಟ ಉಪಾಯ. ತಣ್ಣಗಿನ ಲೋಟ ಹೊರಗಿಟ್ಟರೆ ಮೈತುಂಬ ನೀರು ಬೆವರುವುದನ್ನು ನೋಡಿದ್ದೀರಲ್ಲ? ತಣ್ಣಗಿನ ಬಾಟಲಿಯ ಮುಚ್ಚಳ ತೆಗೆದ ಕ್ಷಣ ಒಳಗೆ ಆಗುವುದೂ ಅದೇ. ಮಲಗುವ ಕೋಣೆಯ ಮರದ ಬೀರು, ಬಿಸಿಲು ಬೀಳದ ಗೋಡೆ, ಅದರೊಳಗೆ ಬಿಗಿ ಮುಚ್ಚಳದ ಡಬ್ಬಿ, ಇಷ್ಟು ಸಾಕು. ಸ್ಕೂಟರ್‌ನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಏಪ್ರಿಲ್ ಬಿಸಿಲಿಗೆ ಒಲೆಯ ಹಾಗೆ ಕಾಯುತ್ತವೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಔಷಧ ಒಡೆಯುವ ವೇಗ ಸುಮಾರು ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ.

ಯಾವ ಮಾತ್ರೆಗೆ ತೇವದ ಹೆದರಿಕೆ ಹೆಚ್ಚು ಎಂದು ತಿಳಿಯಲು ರಸಾಯನಶಾಸ್ತ್ರ ಓದಬೇಕಾಗಿಲ್ಲ, ಪ್ಯಾಕ್ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಮುಂಭಾಗ ಪಾರದರ್ಶಕ ಪ್ಲಾಸ್ಟಿಕ್ ಇರುವ ಸ್ಟ್ರಿಪ್ ಅಗ್ಗ. ಪ್ಲಾಸ್ಟಿಕ್ ಗಟ್ಟಿ ಕಂಡರೂ ನೀರಾವಿಯನ್ನು ನಿಧಾನವಾಗಿ ಒಳಬಿಡುತ್ತದೆ, ಹಾಗಾಗಿ ತೇವಕ್ಕೆ ಜಗ್ಗದ ಮಾತ್ರೆಗೆ ಅದು ಸಾಕು. ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಇದ್ದರೆ ಕಂಪನಿ ಹೆಚ್ಚು ದುಡ್ಡು ಸುರಿದಿದೆ ಎಂದರ್ಥ, ಆ ಮಾತ್ರೆಗೆ ತೇವವೋ ಬೆಳಕೋ ಆಗದು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಮ್ಲ ಸೇರಿದ 625ರ ಮಾತ್ರೆ ಅಲ್ಯೂಮಿನಿಯಂನಲ್ಲೇ ಬರುವುದು ಯಾಕೆಂದರೆ ಆ ಕ್ಲಾವುಲನಿಕ್ ಆಮ್ಲ ತೇವದ ಪರಮ ವೈರಿ. ಬಿಳಿ ಮಾತ್ರೆಯ ಮೇಲೆ ಹಳದಿ, ಕಂದು ಚುಕ್ಕೆ ಬಿದ್ದಿದ್ದರೆ ಆಟ ಮುಗಿದಿದೆ. ಅರ್ಧ ಶಕ್ತಿಯ ಆಂಟಿಬಯೋಟಿಕ್ ರೋಗಾಣುಗಳನ್ನು ಕೊಲ್ಲದೆ ಔಷಧಕ್ಕೇ ಒಗ್ಗಿಸಿಬಿಡಬಹುದು, ಹಾಗಾಗಿ ಡೇಟ್ ಮುಗಿದ ಆಂಟಿಬಯೋಟಿಕ್ ಬಗ್ಗೆ ಚೌಕಾಸಿ ಬೇಡ.

ನಾಲಿಗೆ ಅಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ ಇನ್ನೂ ಸೂಕ್ಷ್ಮ. ಔಷಧವೇ ಆವಿಯಾಗಿ ಹೋಗುತ್ತದೆ, ಪ್ಲಾಸ್ಟಿಕ್ ಮತ್ತು ಹತ್ತಿ ಅದನ್ನು ಹೀರುತ್ತವೆ. ಅದರ ಗಾಜಿನ ಬಾಟಲಿಯಿಂದ ಜೇಬಿನ ಡಬ್ಬಿಗೆ ವರ್ಗಾಯಿಸಿದರೆ ಉಳಿಯುವುದು ಸಕ್ಕರೆ ಗುಳಿಗೆ. ಎದೆನೋವಿನ ಹೊತ್ತಿನಲ್ಲಿ ಡೇಟ್ ಓದುತ್ತ ಕೂರುವ ಸ್ಥಿತಿ ಬರಬಾರದು, ಡೇಟ್‌ಗೆ ತಿಂಗಳು ಮೊದಲೇ ಬದಲಾಯಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್, ಹೃದಯದ ಡಿಗಾಕ್ಸಿನ್, ಗರ್ಭನಿರೋಧಕ ಮಾತ್ರೆ ಇವುಗಳ ವಿಷಯದಲ್ಲೂ ಮುದ್ರಿತ ತಿಂಗಳೇ ಕೊನೆ. ಸಿರಪ್, ಕಣ್ಣಿನ ಹನಿ, ಇನ್ಸುಲಿನ್ ಮಾತ್ರೆಗಳ ಜಾತಿಯೇ ಅಲ್ಲ, ತೆರೆದ ದಿನದಿಂದ ಅವಕ್ಕೆ ಬೇರೆಯೇ ಗಡುವು. ಕಣ್ಣಿನ ಹನಿಗೆ ಸಾಮಾನ್ಯವಾಗಿ ಒಂದು ತಿಂಗಳು, ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಡ್ರೈ ಸಿರಪ್‌ಗೆ ಫ್ರಿಜ್‌ನಲ್ಲಿಟ್ಟರೂ ಏಳು ದಿನ.

ಕೊನೆಗೆ ಒಂದು ಸಣ್ಣ ಕಿರಿಕಿರಿ. ಐದೇ ಮಾತ್ರೆ ಕೇಳಿದರೆ ಮೆಡಿಕಲ್‌ನಲ್ಲಿ ಕತ್ತರಿ ಹಾಕಿ ಕೊಡುತ್ತಾರೆ. ಬ್ಯಾಚ್ ನಂಬರು, ಡೇಟ್ ಮುದ್ರಿಸಿರುವುದು ಎಷ್ಟೋ ಸ್ಟ್ರಿಪ್‌ಗಳಲ್ಲಿ ಒಂದು ತುದಿಯಲ್ಲಿ ಮಾತ್ರ, ಆ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಮನೆಯ ಡಬ್ಬಿಯಲ್ಲಿ ಡೇಟ್ ಇಲ್ಲದ ತುಂಡುಗಳು ತುಂಬುವುದು ಹೀಗೆ. ಕತ್ತರಿಸುವ ಮೊದಲು ಆ ತುದಿಯ ಫೋಟೊ ತೆಗೆದುಕೊಳ್ಳಿ, ಇಲ್ಲವೇ ಬಿಲ್‌ನಲ್ಲಿ ಬರೆದಿರುವ ಎಕ್ಸ್‌ಪೈರಿಯನ್ನು ಪೆನ್ನಿನಿಂದ ತುಂಡಿನ ಮೇಲೆ ಬರೆಯಿರಿ. ಕತ್ತರಿ ಗುಂಡಿಗೆ ತೀರಾ ಹತ್ತಿರ ಹೋಗಿ ಹಾಳೆಯ ಅಂಚು ಬಿಚ್ಚಿಕೊಂಡಿದ್ದರೆ ಆ ಮಾತ್ರೆಯನ್ನು ಮೊದಲು ಮುಗಿಸಿ, ಅದಕ್ಕೆ ಆ ದಿನದಿಂದ ಮುದ್ರಿತ ತಿಂಗಳು ಅನ್ವಯಿಸುವುದಿಲ್ಲ.